ಹೊಳಿ ಏರ್ಯದ ಅಂದ್ರ ಮಳಿ ಆಗ್ಯದೇನು?

ಅಫಜಲಪುರ ತಾಲೂಕಿನ ಮಣ್ಣೂರು ಭೀಮಾ ದಂಡೆಯ ಊರು. ಇಲ್ಲಿ ಬೆಳಗಾಗುವಷ್ಟರಲ್ಲಿ ಹೊಳೆ ಏರಿದ್ದರೆ ದಂಡೆಯಲ್ಲಿ ನಿಂತವರು ಎರಡರಲ್ಲಿ ಒಂದು ಮಾತು ಆಡುತ್ತಾರೆ. ‘ಮ್ಯಾಲ ಮಳಿ ಆಗ್ಯದ’ ಎನ್ನುವುದು ಒಂದು. ‘ಉಜನಿಯಿಂದ ನೀರು ಬಿಟ್ಟಾರ’ ಎನ್ನುವುದು ಇನ್ನೊಂದು. ಮಳೆಯನ್ನೂ ಯಾರೂ ನೋಡಿಲ್ಲ, ಸೊಲ್ಲಾಪುರ ಜಿಲ್ಲೆಯ ಆ ಅಣೆಕಟ್ಟಿನ ಗೇಟು ಎತ್ತಿದ್ದನ್ನೂ ಯಾರೂ ನೋಡಿಲ್ಲ. ಕಣ್ಣಿಗೆ ಕಂಡದ್ದು ಏರಿದ ನೀರು ಮಾತ್ರ. ಕಂಡದ್ದರಿಂದ ಕಾಣದ್ದಕ್ಕೆ ಹೋಗುವ ಈ ನಡಿಗೆಗೆ ನಮ್ಮ ತರ್ಕಶಾಸ್ತ್ರ ಅನುಮಾನ ಎನ್ನುತ್ತದೆ. ಆಡುಮಾತಿನ ‘ಅನುಮಾನ’ ಎಂದರೆ ಸಂಶಯ. ಶಾಸ್ತ್ರದಲ್ಲಿ ಅದರ ಅರ್ಥ ಹೆಚ್ಚುಕಡಿಮೆ ತಿರುವುಮುರುವು: ಸಂಶಯ ಕಳೆದು ಬಂದ ತಿಳಿವಳಿಕೆ. ಇವೆರಡೂ ಒಂದೇ ಎಂದು ವಾದಿಸಿದವರು ಚಾರ್ವಾಕರು.

ಹೊಳೆಯ ಉದಾಹರಣೆ ನಾನು ಕಟ್ಟಿದ್ದಲ್ಲ. ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಅನುಮಾನವನ್ನು ಒಪ್ಪದ ಒಬ್ಬ ಎದುರಾಳಿ ಬರುತ್ತಾನೆ. ಅವನ ಹೆಸರನ್ನು ಸೂತ್ರಕಾರ ಹೇಳುವುದಿಲ್ಲ. ಹೊಳೆ ಏರಿದರೆ ಮೇಲೆ ಮಳೆಯಾಗಿದೆ ಎನ್ನುತ್ತೀರಿ, ಯಾರೋ ನೀರಿಗೆ ತಡೆ ಹಾಕಿದರೂ ಹೊಳೆ ಏರುತ್ತದಲ್ಲ ಎಂಬುದು ಅವನ ತಕರಾರು. ಇರುವೆ ಮೊಟ್ಟೆ ಹೊತ್ತು ಸಾಗಿದರೆ ಮಳೆ ಬರುತ್ತದೆ ಎನ್ನುತ್ತೀರಿ, ಗೂಡಿಗೆ ಪೆಟ್ಟು ಬಿದ್ದರೂ ಅವು ಹೊರಡುತ್ತವೆ. ನವಿಲು ಕೂಗಿತು ಎನ್ನುತ್ತೀರಿ, ಮನುಷ್ಯನೂ ಹಾಗೆ ಕೂಗಬಲ್ಲ. ಉಜನಿ ಅಣೆಕಟ್ಟು ಮುಗಿದದ್ದು 1980ರಲ್ಲಿ. ಅದಕ್ಕೆ ಒಂದೂವರೆ ಸಾವಿರ ವರ್ಷಕ್ಕೂ ಹಿಂದೆಯೇ ಈ ಸಂಶಯ ಸೂತ್ರದಲ್ಲಿ ಕೂತಿತ್ತು.

ನೈಯಾಯಿಕರ ಉತ್ತರ ಹೊಳೆಯನ್ನು ಬಲ್ಲವರ ಉತ್ತರ. ತಡೆ ಹಾಕಿ ಏರಿದ ನೀರೇ ಬೇರೆ, ಮಳೆಗೆ ಏರಿದ ನೀರೇ ಬೇರೆ ಎನ್ನುತ್ತಾರೆ. ಮಳೆಯ ಹೊಳೆಗೆ ಸೆಳವು ಹೆಚ್ಚು. ಅದರಲ್ಲಿ ನೊರೆ ಇರುತ್ತದೆ, ಎಲೆ, ಹಣ್ಣು, ಕಟ್ಟಿಗೆ ತೇಲಿಬರುತ್ತವೆ ಎಂದು ಭಾಷ್ಯಕಾರ ವಾತ್ಸ್ಯಾಯನ ವಿವರಿಸುತ್ತಾನೆ. ತಪ್ಪಿದ್ದು ಅನುಮಾನವಲ್ಲ, ಅರೆಬರೆ ನೋಡಿದವನು ಎಂಬುದು ತಾತ್ಪರ್ಯ. ಮಣ್ಣೂರಿನ ಒಕ್ಕಲಿಗನೂ ಬರೀ ಎತ್ತರ ನೋಡುವುದಿಲ್ಲ, ನೀರಿನ ಬಣ್ಣ ನೋಡುತ್ತಾನೆ, ಕಸ ನೋಡುತ್ತಾನೆ.

ಚಾರ್ವಾಕ ಇಷ್ಟಕ್ಕೆ ಸುಮ್ಮನಾಗುವುದಿಲ್ಲ. ಅವನ ವಾದದ ಅತ್ಯಂತ ಅಚ್ಚುಕಟ್ಟಾದ ರೂಪ ಸಿಗುವುದು ಕನ್ನಡನಾಡಿನಲ್ಲೇ, ಹದಿನಾಲ್ಕನೆಯ ಶತಮಾನದ ವಿಜಯನಗರದ ವಲಯದಲ್ಲಿ ಹುಟ್ಟಿದ ಮಾಧವನ ಸರ್ವದರ್ಶನಸಂಗ್ರಹದ ಮೊದಲ ಅಧ್ಯಾಯದಲ್ಲಿ. (ಮಣ್ಣೂರಿನಲ್ಲಿ ಬೃಂದಾವನವಿರುವ ಮಾಧವತೀರ್ಥರೂ ಹೆಚ್ಚುಕಡಿಮೆ ಅದೇ ಕಾಲದವರು. ಹೆಸರು ಹತ್ತಿರವೆಂದು ಇಬ್ಬರನ್ನು ಒಬ್ಬರೆನ್ನಬಾರದು. ಅದೂ ಒಂದು ಕೆಟ್ಟ ಅನುಮಾನವೇ.) ವಾದ ಹೀಗಿದೆ. ಹೊಳೆ ಏರಿದ್ದರಿಂದ ಮಳೆ ತಿಳಿಯಬೇಕಾದರೆ ‘ಎಲ್ಲೆಲ್ಲಿ ಹೀಗೆ ಏರಿದೆಯೋ ಅಲ್ಲೆಲ್ಲ ಮಳೆಯಾಗಿದೆ’ ಎಂಬ ನಿಯಮ ಮೊದಲು ಗೊತ್ತಿರಬೇಕು. ಇದನ್ನು ವ್ಯಾಪ್ತಿ ಎನ್ನುತ್ತಾರೆ. ಅದು ಗೊತ್ತಾದದ್ದು ಹೇಗೆ? ಕಣ್ಣಿನಿಂದಲ್ಲ. ಕಣ್ಣು ತೋರಿಸುವುದು ಎದುರಿಗಿರುವ ಈ ಹೊಳೆಯನ್ನು, ಎಲ್ಲ ಕಾಲದ ಎಲ್ಲ ಹೊಳೆಗಳನ್ನಲ್ಲ. ಮನಸ್ಸಿನಿಂದಲೂ ಅಲ್ಲ, ಹೊರಗಿನದನ್ನು ತಿಳಿಯಲು ಮನಸ್ಸಿಗೂ ಕಣ್ಣು ಕಿವಿಯೇ ಬೇಕು. ಇನ್ನೊಂದು ಅನುಮಾನದಿಂದ ಎಂದರೆ ಅದಕ್ಕೊಂದು ವ್ಯಾಪ್ತಿ ಬೇಕು, ಆ ವ್ಯಾಪ್ತಿಗೆ ಮತ್ತೊಂದು ಅನುಮಾನ, ಹೀಗೆ ಕೊನೆಯೇ ಇಲ್ಲ. ಹಿರಿಯರು ಹೇಳಿದರು ಎಂದರೆ, ಅವರ ಮಾತು ನಂಬತಕ್ಕದ್ದು ಎಂದು ತಿಳಿದದ್ದಾದರೂ ಹೇಗೆ?

ನನಗೆ ಬಲು ಗಟ್ಟಿ ಎನಿಸುವುದು ಇದರ ಮುಂದಿನ ಹೆಜ್ಜೆ. ವ್ಯಾಪ್ತಿಯ ಬೆನ್ನಿಗೆ ಯಾವುದೋ ಒಂದು ಷರತ್ತು ಅಡಗಿರಬಹುದು. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುವುದಿಲ್ಲ, ಕಟ್ಟಿಗೆ ಹಸಿಯಾಗಿದ್ದರೆ ಮಾತ್ರ ಹೊಗೆ. ಆ ಹಸಿ ಕಟ್ಟಿಗೆಗೆ ಉಪಾಧಿ ಎಂದು ಹೆಸರು. ಭೀಮೆಯ ವಿಷಯದಲ್ಲಿ ‘ಮೇಲೆ ತಡೆ ಇಲ್ಲದಿದ್ದರೆ’ ಎಂಬುದೇ ಉಪಾಧಿ. ಅಣೆಕಟ್ಟು ಬರುವ ತನಕ ಅದು ಯಾರ ಲೆಕ್ಕಕ್ಕೂ ಬರಬೇಕಿರಲಿಲ್ಲ. ನೂರು ತಲೆಮಾರು ಸರಿಯಾಗಿದ್ದ ನಿಯಮ ಕೆಟ್ಟದ್ದು ಅವರು ಸರಿಯಾಗಿ ನೋಡದೆ ಇದ್ದುದಕ್ಕಲ್ಲ, ಹೊಳೆಯೇ ಬದಲಾದದ್ದಕ್ಕೆ. ಇನ್ನು ಯಾವ ಉಪಾಧಿಯೂ ಇಲ್ಲ ಎಂದು ಹೇಳುವುದು ಹೇಗೆ? ಕಣ್ಣಿಗೆ ಕಾಣದ ಉಪಾಧಿ ಇಲ್ಲವೆಂದು ತಿಳಿಯಲು ಅನುಮಾನವೇ ಬೇಕು, ಅನುಮಾನಕ್ಕೆ ಉಪಾಧಿ ಇಲ್ಲವೆಂಬ ತಿಳಿವು ಬೇಕು. ವಾತ್ಸ್ಯಾಯನನ ನೊರೆ, ಕಟ್ಟಿಗೆ ಇಲ್ಲಿ ಕೈಕೊಡುತ್ತವೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ಮಹಾರಾಷ್ಟ್ರದಲ್ಲೂ ಕಲಬುರಗಿಯಲ್ಲೂ ಮಳೆ ಸುರಿದಿತ್ತು, ಅಣೆಕಟ್ಟಿನಿಂದ ನೀರನ್ನೂ ಬಿಟ್ಟಿದ್ದರು. ರಾಡಿ, ಸೆಳವು, ಕಸ ಎಲ್ಲ ಇದ್ದವು. ಯಾವ ನೀರು ಯಾವುದರದ್ದು ಎಂದು ಹೊಳೆ ಹೇಳುವುದಿಲ್ಲ.

ಹಾಗಾದರೆ ದಂಡೆಯ ಪಂಪ್‌ಸೆಟ್ ಎತ್ತಿಡಬೇಕೋ ಬೇಡವೋ? ಉದಯನ ನ್ಯಾಯಕುಸುಮಾಂಜಲಿಯಲ್ಲಿ ಚಾರ್ವಾಕನನ್ನು ಹಿಡಿಯುವುದು ಇಲ್ಲೇ. ಕಾಣದ್ದು ಇಲ್ಲ ಎನ್ನುವುದಾದರೆ, ಮನೆ ಬಿಟ್ಟು ಹೊರಗೆ ಹೋದ ಚಾರ್ವಾಕನಿಗೆ ಹೆಂಡತಿ ಮಕ್ಕಳು ಕಾಣುವುದಿಲ್ಲವಲ್ಲ, ಅವರಿಲ್ಲವೆಂದು ಎದೆ ಬಡಿದುಕೊಂಡು ಅಳಬೇಕು ಎಂದು ಗೇಲಿ ಮಾಡುತ್ತಾನೆ. ಗೇಲಿಗಿಂತ ಹರಿತವಾದದ್ದು ಅವನ ಇನ್ನೊಂದು ಮಾತು. ‘ಬೇರೆ ಕಾಲದಲ್ಲಿ, ಬೇರೆ ಕಡೆ ಹೀಗಾಗದೆ ಇರಬಹುದು’ ಎಂದು ನೀನು ಶಂಕಿಸುತ್ತೀಯಲ್ಲ, ಆ ಬೇರೆ ಕಾಲ, ಬೇರೆ ಕಡೆ ಇವೆ ಎಂದು ನಿನಗೆ ತಿಳಿದದ್ದು ಹೇಗೆ? ಶಂಕೆಗೇ ಅನುಮಾನ ಬೇಕಾಯಿತು. ಇದಕ್ಕೆ ಚಾರ್ವಾಕನ ಬಳಿ ಪೂರಾ ಉತ್ತರ ಇದೆ ಎಂದು ನನಗನಿಸುವುದಿಲ್ಲ. ಪಂಪ್‌ಸೆಟ್ಟಿಗೆ ಮಾತ್ರ ಉತ್ತರ ಇದೆ: ಎತ್ತಿಡು, ಆದರೆ ಅದು ಬರೀ ಸಂಭಾವನೆ, ಹೀಗಿರಬಹುದು ಎಂಬ ಎಣಿಕೆ. ಎಣಿಕೆ ಫಲಿಸಿದರೆ ಅದನ್ನೇ ಜ್ಞಾನ ಎಂದು ಕರೆಯಬೇಡ.

ಚಾರ್ವಾಕರೆಲ್ಲ ಇಷ್ಟು ಬಿಗಿಯಾಗಿರಲಿಲ್ಲ. ಪುರಂದರನೆಂಬವನ ಮತವನ್ನು ಎಂಟನೆಯ ಶತಮಾನದ ಬೌದ್ಧ ಕಮಲಶೀಲ ದಾಖಲಿಸಿದ್ದಾನೆ. ಲೋಕದಲ್ಲಿ ನಡೆಯುವ ಅನುಮಾನ ಪುರಂದರನಿಗೆ ಒಪ್ಪಿಗೆ, ಲೋಕದ ದಾರಿ ದಾಟಿ ಹೋಗುವ ಅನುಮಾನ ಒಪ್ಪಿಗೆಯಿಲ್ಲ. ನನಗೆ ಈ ಗೆರೆ ಮುಖ್ಯವಾಗಿ ಕಾಣುತ್ತದೆ. ‘ಉಜನಿಯಿಂದ ನೀರು ಬಿಟ್ಟಾರ’ ಎಂಬುದನ್ನು ಸೊಲ್ಲಾಪುರದ ಕಡೆಯ ನೆಂಟರಿಗೆ ಫೋನು ಮಾಡಿ ಕೇಳಬಹುದು, ಮಾತು ಸುಳ್ಳಾದರೆ ಸಂಜೆಯೊಳಗೆ ಸುಳ್ಳಾಗುತ್ತದೆ. ಹೊಳೆ ಮನೆಯೊಳಗೆ ಹೊಕ್ಕವನನ್ನು ನೋಡಿ ‘ಹಿಂದಿನ ಜನ್ಮದ್ದು, ಉಣ್ಣಬೇಕು’ ಎನ್ನುವುದೂ ಅನುಮಾನವೇ. ಇಂಥ ಕುಲದಲ್ಲಿ ಹುಟ್ಟಿದ್ದಾನೆ, ಆದ್ದರಿಂದ ಹಿಂದೆ ಇಂಥ ಕರ್ಮ ಮಾಡಿರಬೇಕು ಎಂಬುದೂ ಅದೇ ಅಚ್ಚಿನದು. ಕಂಡದ್ದು ಇವತ್ತಿನ ಕಷ್ಟ, ಕಾಣದ್ದು ಹಿಂದಿನ ಪಾಪ. ಆದರೆ ಪಾಪವೂ ಅದರ ಫಲವೂ ಜೊತೆಗಿದ್ದದ್ದನ್ನು ಒಬ್ಬರೂ ಒಂದು ಸಲವೂ ನೋಡಿಲ್ಲ. ಹೊಳೆಯ ನಿಯಮಕ್ಕೆ ಸಾವಿರ ಸಲ ನೋಡಿದ ಆಸರೆಯಾದರೂ ಇತ್ತು. ಈ ಮಾತು ಸುಳ್ಳಾಗುವ ಸಂಜೆ ಎಂದೂ ಬರುವುದಿಲ್ಲ. ಅದನ್ನು ಹೊತ್ತವನು ಮಾತ್ರ ದಿನಾ ಹೊರುತ್ತಾನೆ.

ಚಾರ್ವಾಕರು ಇದನ್ನು ಒಂದು ಕಥೆಯಲ್ಲಿ ಹೇಳಿದರೆಂದು ಹರಿಭದ್ರನ ಷಡ್ದರ್ಶನಸಮುಚ್ಚಯದ ಜೈನ ಟೀಕಾಕಾರರು ಬರೆಯುತ್ತಾರೆ. ಗಂಡ ನಾಸ್ತಿಕ, ಹೆಂಡತಿ ದೈವಭಕ್ತೆ. ಒಂದು ರಾತ್ರಿ ಅವನು ಊರ ಹೊರಗಿನ ಧೂಳಿನಲ್ಲಿ ಬೆರಳುಗಳಿಂದ ತೋಳದ ಹೆಜ್ಜೆ ಮೂಡಿಸಿ ಬಂದ. ಬೆಳಗ್ಗೆ ಪಂಡಿತರು ಸೇರಿ, ಹೆಜ್ಜೆ ಇದೆ, ಆದ್ದರಿಂದ ಕಾಡಿನಿಂದ ತೋಳ ಬಂದಿತ್ತು ಎಂದು ತೀರ್ಮಾನಿಸಿದರು. ಗಂಡ ಹೆಂಡತಿಗೆ ತೋರಿಸಿದ: ನೀನು ನಂಬುವ ವಿದ್ವಾಂಸರು ಇವರೇ ನೋಡು.

ಸಂಶೋಧನೆಗೆ ಕೂತವಳಿಗೆ ಈ ಕಥೆ ನಗು ತರಿಸುವುದಕ್ಕಿಂತ ಇಕ್ಕಟ್ಟು ತರುತ್ತದೆ. ಬೃಹಸ್ಪತಿಯ ಸೂತ್ರಗಳು ಉಳಿದಿಲ್ಲ. ಪುರಂದರನ ಪುಸ್ತಕ ಇಲ್ಲ. 1940ರಲ್ಲಿ ಬರೋಡದಿಂದ ಅಚ್ಚಾದ ಜಯರಾಶಿಯ ತತ್ತ್ವೋಪಪ್ಲವಸಿಂಹ ಉಳಿದಿದೆ, ಆದರೆ ಅದು ಪ್ರತ್ಯಕ್ಷವನ್ನೂ ಬಿಡದೆ ಕೆಡವುತ್ತದೆ, ಆದ್ದರಿಂದ ಅವನು ಚಾರ್ವಾಕನೇ ಎಂಬ ಜಗಳ ಮುಗಿದಿಲ್ಲ. ಮಿಕ್ಕಿದ್ದೆಲ್ಲ ಎದುರಾಳಿಗಳು ಬರೆದದ್ದು: ನೈಯಾಯಿಕ, ಬೌದ್ಧ, ಜೈನ, ವೇದಾಂತಿ. ಧೂಳಿನಲ್ಲಿ ಹೆಜ್ಜೆಗಳಿವೆ, ಅವುಗಳಿಂದ ಚಾರ್ವಾಕನೆಂಬವನು ಹಾದುಹೋಗಿದ್ದಾನೆಂದು ನಾವು ಊಹಿಸುತ್ತೇವೆ. ಕೆಲವು ಹೆಜ್ಜೆ ನಿಜದವು ಎಂದೇ ನನ್ನ ಎಣಿಕೆ. ಉಪಾಧಿಯ ವಾದ ಗೆಲ್ಲಲು ಹೆಣಗುವಷ್ಟು ಗಟ್ಟಿಯಾಗಿದೆ, ಅಂಥದ್ದನ್ನು ಎದುರಾಳಿ ತನಗೆ ತಾನೇ ತಂದುಕೊಳ್ಳುವುದು ಅಪರೂಪ. ಸಾಲ ಮಾಡಿ ತುಪ್ಪ ತಿನ್ನುವ ಚಾರ್ವಾಕನ ಹೆಜ್ಜೆಯ ಮೇಲೆ ಮಾತ್ರ ನನಗೆ ಬೆರಳ ಗುರುತು ಕಾಣುತ್ತದೆ.