ಮಗಳು ಬರೆದ ಕಾಗದ

ಮನಸ್ಸಿನಲ್ಲಿ ಆಗಲೇ ನಿಶ್ಚಯವಾಗಿಹೋದ ವಿಷಯವನ್ನು ಮುಂದಿಟ್ಟುಕೊಂಡು, “ಬನ್ನಿ, ಸಮಾಧಾನವಾಗಿ ಕೂತು ಮಾತಾಡೋಣ” ಎಂದು ಹಿರಿಯರನ್ನು ಕರೆಯುವುದು ಪ್ರಾಮಾಣಿಕವಾದ ಕರೆಯೇ? ನಿಶ್ಚಯವಾಗಿದ್ದರೆ ಮಾತಿಗೆ ಉಳಿದದ್ದೇನು? ಮಾತಿಗೆ ಎಡೆ ಉಂಟೆನ್ನುವುದಾದರೆ ನಿಶ್ಚಯವಾಗಿದೆ ಎನ್ನುವುದು ಹೇಗೆ? ತರ್ಕದ ಪುಸ್ತಕದಲ್ಲಿ ಇದು ಸಣ್ಣ ಸಮಸ್ಯೆ. ರಾಮನಗರದ ಒಂದು ಮನೆಯ ಹಜಾರದಲ್ಲಿ ಇದು ಅಷ್ಟು ಸಣ್ಣದಲ್ಲ.

ಹಿಂದೆ ನನ್ನಲ್ಲಿ ಕನ್ನಡ ಓದಿದ್ದ ಒಬ್ಬ ಹುಡುಗಿ, ಈಗ ಬೆಂಗಳೂರಿನ ಕಚೇರಿಗೆ ದಿನವೂ ರೈಲಿನಲ್ಲಿ ಹೋಗಿಬರುವವಳು, ತಂದೆತಾಯಿಗೆ ಬರೆದ ಕಾಗದವೊಂದನ್ನು ನನಗೆ ತೋರಿಸಿದಳು. ತಿದ್ದಿಕೊಡಿ ಎಂದಳು. ಕಾಗುಣಿತ ತಿದ್ದುವುದಷ್ಟೇ ಆಗಿದ್ದರೆ ಐದು ನಿಮಿಷದ ಕೆಲಸ. ತಂದೆ ರೇಷ್ಮೆ ನೂಲು ಬಿಚ್ಚಾಣಿಕೆ ನಡೆಸುವವರು. ತಾಯಿಯ ತವರು ಮಾಗಡಿ. ಮಗಳು ಒಪ್ಪಿಕೊಂಡಿರುವ ಹುಡುಗ ಚನ್ನಪಟ್ಟಣದ ಬೊಂಬೆ ಕೆಲಸದವರ ಮಗ, ಕನಕಪುರದಲ್ಲಿ ಮೇಷ್ಟ್ರು. ಜಾತಿ ಬೇರೆ. ಅದೂ ಅಲ್ಲದೆ ಮಾಗಡಿಯ ಸೋದರಮಾವನ ಮಗನಿಗೆ ಇವಳನ್ನು ಕೊಡುವುದೆಂದು ತಾಯಿ ಎಂದೋ ಅಣ್ಣನಿಗೆ ಮಾತು ಕೊಟ್ಟಿದ್ದಾಳೆ.

ಮೊದಲು ಬರೆದ ಕಾಗದ ನಾಲ್ಕು ಪುಟವಿತ್ತು. ಮೂರು ಪುಟ ಹುಡುಗನ ಗುಣಗಾನ. ನಾಲ್ಕನೆಯದರಲ್ಲಿ, “ನೀವು ಒಪ್ಪದಿದ್ದರೆ ನಾನು ಈ ಮದುವೆಯಾಗುವುದಿಲ್ಲ” ಎಂಬ ವಾಕ್ಯ. ಇದು ನಿಜವೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಲ್ಲ ಮೇಷ್ಟ್ರೇ” ಎಂದಳು. ಹಾಗಾದರೆ ಏಕೆ ಬರೆದೆ? “ಹಾಗೆ ಬರೆದರೆ ಅಪ್ಪ ಮೃದುವಾಗುತ್ತಾರೆ.”

ಇಂಥ ವಾಕ್ಯ ನಮ್ಮಲ್ಲಿ ವಿನಯವೆಂದು ಚಲಾವಣೆಯಲ್ಲಿದೆ. ಆದರೆ ತಂದೆ ಅದನ್ನು ನಂಬಿ, “ಸರಿ, ನಾನು ಒಪ್ಪುವುದಿಲ್ಲ, ವಿಷಯ ಮುಗಿಯಿತು” ಎಂದರೆ ಆ ಮೇಲೆ ಮಗಳು ಹೇಳಬೇಕಾದದ್ದು, ತಾನು ಬರೆದದ್ದು ಸುಳ್ಳು ಎಂದೇ. ಆಗ ಅವರ ಕೋಪ ಮದುವೆಯ ಮೇಲಿನದಾಗಿ ಉಳಿಯದು. ಮೋಸಹೋದವನ ಕೋಪವಾಗುತ್ತದೆ, ಮತ್ತು ಅದು ನ್ಯಾಯವಾದ ಕೋಪ. ವಾಕ್ಯವನ್ನು ಹೊಡೆದುಹಾಕಿದೆವು.

ಗುಣಗಾನದ ಮೂರು ಪುಟವೂ ಹೋಯಿತು. ಅವನು ಒಳ್ಳೆಯವನಲ್ಲವೆಂದಲ್ಲ. ಗಂಡು ನೋಡಲು ಹೋದ ಹಿರಿಯರು ಏನು ಮಾಡುತ್ತಾರೆಂಬುದನ್ನು ನೆನೆಸಿಕೊಳ್ಳಿ. “ಹುಡುಗ ಬಂಗಾರದಂಥವನು” ಎಂಬ ದಲ್ಲಾಳಿಯ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರು ವಿಚಾರಿಸುತ್ತಾರೆ. ಸಂಬಳವೆಷ್ಟು, ಸಾಲವೆಷ್ಟು, ಮನೆ ಸ್ವಂತದ್ದೋ, ಕುಡಿತವುಂಟೋ, ತಾಯಿಯ ಸ್ವಭಾವ ಹೇಗೆ ಎಂದು ಬೀದಿಯ ಅಂಗಡಿಯಲ್ಲಿ, ಕೆಲಸ ಮಾಡುವ ಕಡೆಯಲ್ಲಿ, ದೂರದ ನೆಂಟರಲ್ಲಿ ಕೇಳುತ್ತಾರೆ. ಈ ವಿಚಾರಣೆಯನ್ನು ನಾವು ಓದಿದವರು ಹಾಸ್ಯ ಮಾಡುವುದುಂಟು. ನನಗೆ ಅದರಲ್ಲಿ ಹಾಸ್ಯ ಕಾಣುವುದಿಲ್ಲ. ಪ್ರೀತಿಸಿದ ಹುಡುಗಿ ಕೇಳಲು ಸಂಕೋಚಪಡುವ ಪ್ರಶ್ನೆಗಳನ್ನು ಪ್ರೀತಿಸದವರು ನಿಸ್ಸಂಕೋಚವಾಗಿ ಕೇಳುತ್ತಾರೆ. ಅದರಿಂದ ಎಷ್ಟೋ ಹುಡುಗಿಯರು ಬದುಕಿಕೊಂಡಿದ್ದಾರೆ.

ಹೀಗೆ ವಿಚಾರಿಸುವುದು ಒಂದು ಹಕ್ಕು, ತೀರ್ಮಾನಿಸುವುದು ಇನ್ನೊಂದು. ಎರಡೂ ಒಂದೇ ಎಂದು ತಂದೆತಾಯಿ ತಿಳಿದಿರುವುದರಿಂದ ಅರ್ಧ ಜಗಳ ಹುಟ್ಟುತ್ತದೆ. ತೀರ್ಮಾನ ತನ್ನದಾದ್ದರಿಂದ ವಿಚಾರಣೆಗೂ ಅವರಿಗೆ ಎಡೆಯಿಲ್ಲವೆಂದು ಮಕ್ಕಳು ತಿಳಿಯುವುದರಿಂದ ಉಳಿದರ್ಧ. ತೀರ್ಮಾನವನ್ನು ತನ್ನ ಬಳಿ ಇಟ್ಟುಕೊಂಡು ವಿಚಾರಣೆಯನ್ನು ಅವರಿಗೆ ಪೂರ್ತಿಯಾಗಿ ಬಿಟ್ಟುಕೊಟ್ಟರೆ ಮಾತಿಗೆ ಬೇಕಾದಷ್ಟು ವಿಷಯ ಉಳಿಯುತ್ತದೆ. ಕಾಗದ ಕಡೆಗೆ ಹೀಗಾಯಿತು:

“ಅಪ್ಪ ಅಮ್ಮನಿಗೆ ನಮಸ್ಕಾರಗಳು. ನಾನು ಯಾರನ್ನು ಮದುವೆಯಾಗಬೇಕೆಂದಿದ್ದೇನೆಂಬುದನ್ನು ನೀವು ಬೇರೆಯವರ ಬಾಯಿಂದ ಕೇಳಬಾರದು ಎಂದು ನಾನೇ ಬರೆಯುತ್ತಿದ್ದೇನೆ. ಅವರು ಚನ್ನಪಟ್ಟಣದವರು, ವಯಸ್ಸು 29. ಕನಕಪುರದ ಪ್ರೌಢಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು. ಅವರ ತಂದೆ ಹಾಲೆ ಮರದಲ್ಲಿ ಬೊಂಬೆ ಕಡೆದು ಅರಗಿನ ಬಣ್ಣ ಹಾಕುವ ಕೆಲಸದವರು. ಅವರದು — ಜಾತಿ, ನಮ್ಮದಲ್ಲ. ಮನೆ ಸ್ವಂತದ್ದು. ತಂಗಿಯ ಮದುವೆಗೆ ಮಾಡಿದ ಸಾಲದಲ್ಲಿ ಇನ್ನೂ ಎರಡು ಲಕ್ಷ ತೀರಬೇಕು. ಕುಡಿತವಿಲ್ಲ. ಮೂರು ವರ್ಷದಿಂದ ನನಗೆ ಗೊತ್ತು.

“ಅವರನ್ನೇ ಮದುವೆಯಾಗುವುದೆಂದು ನಾನು ತೀರ್ಮಾನಿಸಿದ್ದೇನೆ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಮಾತಿಗೆ ಕರೆಯುವುದು ಸರಿಯಲ್ಲ ಎಂದು ಮೊದಲೇ ಹೇಳುತ್ತಿದ್ದೇನೆ. ಆದರೆ ಯಾವಾಗ, ಎಲ್ಲಿ, ಹೇಗೆ, ಅಜ್ಜಿಗೆ ಯಾರು ಹೇಳಬೇಕು, ಇದೊಂದನ್ನೂ ತೀರ್ಮಾನಿಸಿಲ್ಲ. ನಿಮ್ಮನ್ನು ಬಿಟ್ಟು ತೀರ್ಮಾನಿಸಲು ಇಷ್ಟವಿಲ್ಲ. ನೀವು ವಿಚಾರಿಸಿ. ಯಾರನ್ನು ಕೇಳಬಹುದೆಂದು ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಅವರನ್ನು ಬಿಟ್ಟು ನಿಮಗೆ ಬೇಕಾದವರನ್ನೂ ಕೇಳಿ. ನನಗೆ ತಿಳಿಯದ ಸಂಗತಿ ನಿಮಗೆ ತಿಳಿದರೆ ನನಗೆ ಹೇಳಿ, ನಾನು ಯೋಚಿಸುತ್ತೇನೆ. ಜಾತಿ ನನಗೆ ತಿಳಿದೇ ಇದೆ.

“ಮಾಗಡಿ ಮಾವನಿಗೆ ಅಮ್ಮ ಹೇಳಬೇಕಾಗಿಲ್ಲ. ನಾನೇ ಹೋಗಿ ಹೇಳುತ್ತೇನೆ. ಭಾನುವಾರ ಸಂಜೆ ನಾವು ಮೂವರೇ ಕೂತು ಮಾತಾಡೋಣ. ಅವರನ್ನು ಅಂದು ಕರೆತರುವುದಿಲ್ಲ. ಕೋಪ ಬಂದರೆ ಎದ್ದುಹೋಗಿ, ಮರುದಿನ ಮತ್ತೆ ಕೂರೋಣ.”

ಜಾತಿಯ ಹೆಸರು ಕಾಗದದಲ್ಲಿದೆ, ಇಲ್ಲಿ ಬಿಟ್ಟಿದ್ದೇನೆ. ವಾಚಕರು ತಮಗೆ ಯಾವುದು ಕಷ್ಟವೋ ಅದನ್ನು ತುಂಬಿ ಓದಿಕೊಳ್ಳಬಹುದು.

“ಯೋಚಿಸುತ್ತೇನೆ” ಎಂಬ ಮಾತಿನ ಬಗ್ಗೆ ನಾವಿಬ್ಬರೂ ಬಹಳ ಹೊತ್ತು ಚರ್ಚಿಸಿದೆವು. ತೀರ್ಮಾನವಾಗಿದೆ ಎಂದ ಮೇಲೆ ಯೋಚನೆ ಎಲ್ಲಿಯದು ಎಂದು ಅವಳೇ ಕೇಳಿದಳು. ನನಗೆ ತೋರುವುದಿಷ್ಟು: ವಿವೇಕಿಯ ತೀರ್ಮಾನ ಸಂಗತಿಗಳಿಗೆ ತೆರೆದಿರುತ್ತದೆ, ಅಸಮಾಧಾನಕ್ಕೆ ತೆರೆದಿರುವುದಿಲ್ಲ. ಹುಡುಗನಿಗೆ ಇನ್ನೊಂದು ಸಂಸಾರವಿದೆಯೆಂದು ತಂದೆ ಪತ್ತೆಮಾಡಿ ಬಂದರೆ ಅದು ಸಂಗತಿ. “ನಾಲ್ಕು ಜನ ಏನಂದಾರು” ಎಂಬುದು ಅವನ ವಿಷಯದಲ್ಲಿ ಸಂಗತಿಯೇ ಅಲ್ಲ, ನಾಲ್ಕು ಜನರ ವಿಷಯ. ಆ ನಾಲ್ಕು ಜನರ ನಡುವೆ ತಂದೆ ದಿನವೂ ಗೂಡಿನ ಮಾರುಕಟ್ಟೆಯಲ್ಲಿ ನಿಲ್ಲಬೇಕೆಂಬುದು ಮಾತ್ರ ನಿಜ. ಅದರ ಭಾರವನ್ನು ಹಗುರಮಾಡುವ ದಾರಿಯನ್ನು ಕೂತು ಹುಡುಕಬಹುದು. ಮದುವೆಯ ರೀತಿಯೂ ಅದರೊಳಗೆ ಬರುತ್ತದೆ. ಛತ್ರದ ಅದ್ದೂರಿಯೂ ಬೇಡ, ಕಚೇರಿಯ ಬರೀ ರುಜುವೂ ಸಾಲದು ಎನ್ನುವವರಿಗೆ 1966ರಲ್ಲಿ ಕುವೆಂಪು ಮಗ ತೇಜಸ್ವಿಯ ಮದುವೆಯನ್ನು ನಡೆಸಿದ ಮಂತ್ರಮಾಂಗಲ್ಯದ ಸರಳ ಪದ್ಧತಿ ಇದ್ದೇ ಇದೆ.

ಇನ್ನು ತಾಯಿ ಕೊಟ್ಟ ಮಾತು. ನನ್ನ ಮಟ್ಟಿಗೆ ಇಡೀ ಪ್ರಕರಣದ ಕಠಿಣ ಭಾಗ ಇದೇ, ಜಾತಿಯಲ್ಲ. ನಮ್ಮ ಪುಣ್ಯಕೋಟಿ ಮಾತಿಗೆ ತಪ್ಪದೆ ಹುಲಿಯ ಬಳಿ ಹೋದದ್ದು ತನ್ನ ಮೈಯನ್ನು ಒಪ್ಪಿಸಲಿಕ್ಕೆ, ಕರುವನ್ನು ಒಪ್ಪಿಸಲಿಕ್ಕಲ್ಲ. ತನ್ನದಲ್ಲದ್ದನ್ನು ಕೊಡುತ್ತೇನೆಂದ ಮಾತು ಅದನ್ನು ಪಡೆದವನಿಗೆ ಹಕ್ಕು ಕೊಡುವುದಿಲ್ಲ. ಅಷ್ಟರಿಂದ ತಾಯಿಯ ನಾಚಿಕೆ ಇಲ್ಲವಾಗುವುದೂ ಇಲ್ಲ. ಅಣ್ಣನ ಮನೆಯ ಹೊಸಿಲನ್ನು ಮತ್ತೆ ತುಳಿಯುವುದು ಹೇಗೆಂದು ಆಕೆ ಕೊರಗುತ್ತಾಳೆ. ಮಗಳು ತಾನೇ ಮಾಗಡಿಗೆ ಹೋಗಿ, “ಮಾವ, ಅಮ್ಮ ಮಾತು ತಪ್ಪಲಿಲ್ಲ, ಒಲ್ಲೆನೆಂದವಳು ನಾನು” ಎನ್ನುವುದು ಆ ಕೊರಗಿಗೆ ಅವಳು ಸಲ್ಲಿಸಬಹುದಾದ ಋಣ.

ಕಾನೂನು ಇದರಲ್ಲಿ ಎಲ್ಲಿ ನಿಲ್ಲುತ್ತದೆಂದು ಕೇಳುವವರಿಗೆ 2021ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ ನಮ್ಮದೇ ರಾಜ್ಯದ ಒಂದು ಪ್ರಕರಣವನ್ನು ಹೇಳಬೇಕು. ಬೆಳಗಾವಿ ಜಿಲ್ಲೆಯ ಒಬ್ಬ ವಿದ್ಯಾವಂತೆ ಮನೆಯವರಿಗೆ ತಿಳಿಸದೆ ದೆಹಲಿಗೆ ಹೋಗಿ ತಾನು ಒಪ್ಪಿದವನನ್ನು ಮದುವೆಯಾದಳು. ವಿವಾಹದ ಪ್ರಮಾಣಪತ್ರವನ್ನು ವಾಟ್ಸಾಪಿನಲ್ಲಿ ತಂದೆತಾಯಿಗೆ ಕಳಿಸಿದಳು. ಅಷ್ಟರಲ್ಲಿ ತಂದೆ ಮಗಳು ಕಾಣೆಯಾಗಿದ್ದಾಳೆಂದು ದೂರು ಕೊಟ್ಟಿದ್ದರು. ಮದುವೆಯಾದ ವಿಷಯ ತಿಳಿದ ಮೇಲೂ, ಠಾಣೆಗೇ ಬಂದು ಹೇಳಿಕೆ ಕೊಡಬೇಕೆಂದು ತನಿಖಾಧಿಕಾರಿ ಹಠ ಹಿಡಿದರು. ಇಬ್ಬರು ವಯಸ್ಕರು ಒಪ್ಪಿ ಮದುವೆಯಾಗಲು ಕುಟುಂಬದ, ಸಮುದಾಯದ ಒಪ್ಪಿಗೆ ಅಗತ್ಯವಿಲ್ಲವೆಂದು ನ್ಯಾಯಾಲಯ ಹೇಳಿ ಪ್ರಕರಣವನ್ನು ರದ್ದುಮಾಡಿತು. ಅಲ್ಲಿಗೇ ನಿಲ್ಲದೆ, ಮದುವೆಯನ್ನು ಒಪ್ಪಿ ಮಗಳು ಅಳಿಯನೊಡನೆ ಸಂಬಂಧವನ್ನು ಮತ್ತೆ ಕೂಡಿಸಿಕೊಳ್ಳುವುದೇ ತಂದೆಗೆ ಮುಂದಿನ ದಾರಿ ಎಂದೂ ಹೇಳಿತು. ನ್ಯಾಯಾಲಯ ಹಕ್ಕನ್ನು ಕೊಡಿಸಬಲ್ಲದು. ಮುರಿದ ಮಾತನ್ನು ಕೂಡಿಸಲು ಅದೂ ತಂದೆಗೆ ಬುದ್ಧಿ ಹೇಳಬೇಕಾಯಿತು.

ಹಾಗೆಂದು ಆ ಹುಡುಗಿ ಮೊದಲೇ ಕಾಗದ ಬರೆಯಬೇಕಿತ್ತೆಂದು ನಾನು ಹೇಳುವುದಿಲ್ಲ. ಎಲ್ಲ ಮನೆಗೂ ಕಾಗದ ಸಲ್ಲದು. ಫೋನು ಕಿತ್ತುಕೊಂಡಿರುವ, ಕೋಣೆಗೆ ಬೀಗ ಹಾಕಿರುವ, ಬೇರೆಯ ಗಂಡನ್ನು ಹುಡುಕಿ ಒಂದೇ ವಾರದಲ್ಲಿ ಮುಹೂರ್ತ ಇಡಿಸಿರುವ, ಹುಡುಗನ ಮನೆಗೆ ಜನರನ್ನು ಕಳಿಸಿ ಬೆದರಿಸಿರುವ ಮನೆಯಲ್ಲಿ ಕಾಗದವೆಂದರೆ ಹುಡುಗನ ವಿಳಾಸವನ್ನು ಕೈಗೆ ಕೊಟ್ಟಂತೆ. ಅಂಥಲ್ಲಿ ಮೊದಲು ರಕ್ಷಣೆ, ಮಾತು ಆಮೇಲೆ. 2018ರ ಮಾರ್ಚಿನ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಥ ಜೋಡಿಗಳ ದೂರು ಕೇಳಲು ಜಿಲ್ಲೆ ಜಿಲ್ಲೆಗೆ ಪೊಲೀಸ್ ವರಿಷ್ಠಾಧಿಕಾರಿಯನ್ನೊಳಗೊಂಡ ವಿಶೇಷ ಘಟಕ ಇರಬೇಕೆಂದು ಆದೇಶಿಸಿದೆ.

ಮಾತು ಸಾಧ್ಯವಿರುವ ಮನೆಯಲ್ಲಿ ಹೊತ್ತು ನೋಡಿ ಕೊಡಬೇಕು. 1954ರ ವಿಶೇಷ ವಿವಾಹ ಕಾಯ್ದೆಯಂತೆ ಮದುವೆಯಾಗುವವರಾದರೆ ವಿವಾಹಾಧಿಕಾರಿಗೆ ಕೊಟ್ಟ ಸೂಚನೆಯನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. ಆಕ್ಷೇಪಕ್ಕೆ ಮೂವತ್ತು ದಿನ. ರಾಮನಗರದಂಥ ಊರಿನಲ್ಲಿ ಅದನ್ನು ಓದಿ ಮನೆಗೆ ಸುದ್ದಿ ತರಲು ಒಬ್ಬ ನೆಂಟ ಸಾಕು. ಕಾಗದ ಅದಕ್ಕಿಂತ ಮುಂಚೆ ತಲುಪಬೇಕು. ಫೋನಿನ ಸಂದೇಶ ಬೇಡವೆಂದೂ ನಾನೇ ಹೇಳಿದೆ. ಅದು ಐದು ನಿಮಿಷದಲ್ಲಿ ಚಿಕ್ಕಪ್ಪಂದಿರ ಕೈಗೆಲ್ಲ ಹೋಗುತ್ತದೆ. ಆಮೇಲೆ ತಂದೆ ಮಗಳಿಗೆ ಉತ್ತರ ಕೊಡುವುದಿಲ್ಲ, ಚಿಕ್ಕಪ್ಪಂದಿರಿಗೆ ಕೇಳಿಸುವಂತೆ ಕೊಡುತ್ತಾನೆ. ಕಾಗದವನ್ನು ಮಡಿಸಿ ಜೇಬಿನಲ್ಲಿಡಬಹುದು, ಯಾರಿಗೂ ತೋರಿಸದೆ ಎರಡನೆಯ ಸಲ ಓದಬಹುದು.

ಗುರುವಾರ ರಾತ್ರಿ ಊಟವಾದ ಮೇಲೆ ಕೊಟ್ಟಳಂತೆ. ತಾಯಿ ಅತ್ತರು. ತಂದೆ ಶುಕ್ರವಾರ, ಶನಿವಾರ ಮಾತೇ ಆಡಲಿಲ್ಲ. ಭಾನುವಾರ ಸಂಜೆ ತಾವೇ ಬಂದು ಕುರ್ಚಿಯಲ್ಲಿ ಕೂತು, ಕಾಗದ ತೆಗೆದು ಕನ್ನಡಕ ಹಾಕಿಕೊಂಡು ಕೇಳಿದ ಮೊದಲನೆಯ ಮಾತು: “ಆ ಬೊಂಬೆ ಕಡೆಯೋ ಲೇತು ಸ್ವಂತದ್ದೋ, ಬಾಡಿಗೇದೋ? ಅದನ್ನ ನೀನು ಬರೆದಿಲ್ಲ.”