ಹರಾಜಿಗೂ ಮುಂಚೆ ತೂಗುವ ಐದು ಬೇಲು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ತಂಬಾಕು ಬೆಳೆಗಾರರ ವರ್ಷದ ದುಡಿಮೆ ಕೊನೆಗೆ ಬಂದು ನಿಲ್ಲುವುದು ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಲ್ಲಿ. ಕೂಗಿ ಬೆಲೆ ಕಟ್ಟುತ್ತಿದ್ದ ಕಾಲ ಹೋಗಿ ವಿದ್ಯುನ್ಮಾನ ಹರಾಜು ಬಂದಿದೆ. ತೂಕ, ಬೆಲೆ, ಕಡಿತ, ಬ್ಯಾಂಕಿಗೆ ಹೋಗುವ ಹಣ ಎಲ್ಲವೂ ಕಂಪ್ಯೂಟರಿನ ಲೆಕ್ಕ. ಇಂಥ ಸಾಫ್ಟ್‌ವೇರಿಗೆ ನಡುವೆ ಒಂದು ಪ್ಯಾಚ್ ಹಾಕಿದರೆ, ನೆಟ್ಟಗಿದ್ದದ್ದು ಕೆಟ್ಟಿಲ್ಲ ಎಂದು ತಿಳಿಯುವುದು ಹೇಗೆ?

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ರೈತನ ನಿಗದಿತ ಪ್ರಮಾಣದಲ್ಲಿ ಉಳಿದಿರುವುದು 100 ಕೆ.ಜಿ. ತಂದ ಬೇಲು 120 ಕೆ.ಜಿ., ಬೆಲೆ ಕೆ.ಜಿ.ಗೆ 200 ರೂಪಾಯಿ. ಹೆಚ್ಚುವರಿ ತಂಬಾಕಿಗೆ ಶೇ. 10 ಕಡಿತ ಎಂದು ಲೆಕ್ಕದ ಸುಲಭಕ್ಕೆ ಹಿಡಿಯೋಣ. ಕಡಿತ ಬೀಳಬೇಕಾದ್ದು ಹೆಚ್ಚಾದ 20 ಕೆ.ಜಿ.ಗೆ ಮಾತ್ರ, ಅಂದರೆ 400 ರೂಪಾಯಿ. ಕೈಗೆ 23,600. ಪ್ಯಾಚ್ ಬಂದದ್ದು ಬಿಲ್ಲಿನ ನಮೂನೆ ಬದಲಿಸಲು. ಆದರೆ ಬಿಲ್ಲೂ ಕಡಿತವೂ ಒಂದೇ ಲೆಕ್ಕದ ತುಣುಕನ್ನು ಬಳಸುತ್ತಿದ್ದರೆ, ಇಡೀ 120 ಕೆ.ಜಿ.ಗೂ ಕಡಿತ ಬಿದ್ದು 21,600 ಬರಬಹುದು. ಮಾಮೂಲಿ ಬೇಲು ಹಾಕಿ ನೋಡಿದವರಿಗೆ ಇದು ಕಾಣುವುದೇ ಇಲ್ಲ; ಬಿಲ್ಲು ಚೆನ್ನಾಗಿಯೇ ಅಚ್ಚಾಗಿರುತ್ತದೆ.

ಹಾಗಾಗಿ ಪ್ರತಿ ಪ್ಯಾಚಿಗೂ ಅವೇ ಐದು ಬೇಲು ಓಡಿಸಬೇಕು. ಒಂದು ಮಾಮೂಲಿಯದು, ಒಂದು ಮೇಲೆ ಹೇಳಿದಂತೆ ಮಿತಿ ದಾಟುವುದು, ಒಂದು ಯಾರೂ ಬೆಲೆ ಕಟ್ಟದ್ದು, ಒಂದು ಪರವಾನಗಿ ಇಲ್ಲದವರದು. ಐದನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಬೆಲೆ ಒಪ್ಪದೆ ರೈತ ವಾಪಸ್ ಒಯ್ದ ಬೇಲು. ಅದರಿಂದ ಅವನ ಪ್ರಮಾಣದಲ್ಲಿ ಒಂದು ಕೆ.ಜಿ.ಯೂ ಕಡಿಮೆಯಾಗಬಾರದು. ಪ್ರತಿಯೊಂದನ್ನೂ ತೂಕದಿಂದ ಹಿಡಿದು ಬ್ಯಾಂಕಿನ ಪಟ್ಟಿಯವರೆಗೆ ಒಯ್ಯಬೇಕು. ಖಾತೆಗಳು ಮಾತ್ರ ಪರೀಕ್ಷೆಯವೇ ಇರಲಿ.

ಬರಬೇಕಾದ ಉತ್ತರವನ್ನು ಮೊದಲೇ ಕೈಲೆಕ್ಕದಿಂದ ಬರೆದಿಡಬೇಕು. ಅದನ್ನು ಮಾಡಬೇಕಾದವರು ನಿಯಮ ಬಲ್ಲ ಗುಮಾಸ್ತರು, ಪ್ರೋಗ್ರಾಂ ಬರೆದವರಲ್ಲ. ಹೊಸ ಸಾಫ್ಟ್‌ವೇರ್ ಕೊಟ್ಟ ಅಂಕಿಯನ್ನೇ ಸರಿಯುತ್ತರವೆಂದು ನಕಲು ಮಾಡಿಕೊಂಡರೆ ತಪ್ಪಿಗೇ ಮುದ್ರೆ ಒತ್ತಿದಂತೆ.

ಇನ್ನೊಂದು ತೊಡಕು ಹೆಚ್ಚು ಕಾಡುವುದು ಎರಡನೇ ಸಲ ಓಡಿಸಿದಾಗ. ಮೊದಲ ಸಲವೇ ಆ 100 ಕೆ.ಜಿ. ಖರ್ಚಾಗಿರುತ್ತದೆ. ಈಗ ಇಡೀ ಬೇಲು ಹೆಚ್ಚುವರಿಯೇ, ಉತ್ತರ 21,600 ಬರುವುದೇ ಸರಿ! ತಪ್ಪು ಸಾಫ್ಟ್‌ವೇರಿನದೋ ದತ್ತಾಂಶದ್ದೋ ತಿಳಿಯದೆ ಜನ ಪರೀಕ್ಷೆಯನ್ನೇ ನಂಬುವುದು ಬಿಡುತ್ತಾರೆ. ಪ್ರತಿ ಸಲವೂ ಡೇಟಾಬೇಸಿನ ಅದೇ ಹಳೆಯ ಪ್ರತಿಯನ್ನು ಮರಳಿ ತುಂಬಿ, ದಿನಾಂಕವನ್ನೂ ಅದೇ ಹರಾಜಿನ ದಿನಕ್ಕೆ ಕಟ್ಟಿಟ್ಟು ಶುರುಮಾಡಬೇಕು. ಮೊದಲು ಹಳೆಯ ಆವೃತ್ತಿಯಲ್ಲಿ ಐದೂ ಸರಿ ಬಂದದ್ದು ನೋಡಿಕೊಂಡು, ಆಮೇಲೆ ಪ್ಯಾಚ್ ಹಾಕಬೇಕು.

ಐದು ಬೇಲು ಎಲ್ಲ ತಪ್ಪನ್ನೂ ಹಿಡಿಯಲಾರವು. ಒಮ್ಮೆಗೇ ನೂರು ಖರೀದಿದಾರರು ಬೆಲೆ ಒತ್ತಿದಾಗ ಏನಾಗುತ್ತದೆಂದು ಇವು ಹೇಳವು. ಅದು ಬೇರೆಯೇ ಪರೀಕ್ಷೆ. ಹರಾಜಿನಲ್ಲಿ ನಿಜವಾಗಿ ತಪ್ಪೊಂದು ಸಿಕ್ಕರೆ ಅದನ್ನು ಆರನೆಯ ಬೇಲಾಗಿ ಸೇರಿಸಿ. ಒಂದು ಉತ್ತರ ಒಂದು ರೂಪಾಯಿ ಆಚೀಚೆಯಾದರೂ, ಕಾರಣ ಸಿಗುವವರೆಗೆ ಮರುದಿನದ ಹರಾಜು ಹಳೆಯ ಆವೃತ್ತಿಯಲ್ಲೇ ನಡೆಯಲಿ.