‘ಸೇವ್ ಆಯಿತು’ ಎಂದರೆ ಎಲ್ಲಿ ಆಯಿತು?

ಭಟ್ಕಳ, ಹೊನ್ನಾವರ, ಕುಮಟಾಗಳಿಂದ ಬಂದು ನಮ್ಮ ಕೋಡಿಂಗ್ ಕ್ಲಬ್ ಸೇರುತ್ತಿರುವ ತಮ್ಮ ತಂಗಿಯರೇ, ಆ್ಯಪ್ ಬರೆಯುವವರಿಗೆ ಆಪರೇಟಿಂಗ್ ಸಿಸ್ಟಮ್ ಯಾಕೆ, ಅದು ತನ್ನ ಪಾಡಿಗೆ ನಡೆಯುತ್ತದಲ್ಲ ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ನಮ್ಮ ಕರಾವಳಿಯ ಮಳೆಗಾಲವೇ ಸಾಕು.

ದಕ್ಕೆಯಲ್ಲಿ ಮೀನಿನ ಲೆಕ್ಕ ಇಡಲು ನೀವೊಂದು ಪೈಥಾನ್ ಪ್ರೋಗ್ರಾಮ್ ಬರೆದಿದ್ದೀರಿ ಎಂದುಕೊಳ್ಳಿ. ಬಂಗಡೆ ಎಷ್ಟು ಬುಟ್ಟಿ, ದರ ಎಷ್ಟು ಎಂದು ಒತ್ತಿದೊಡನೆ ಪರದೆಯ ಮೇಲೆ ‘ಸೇವ್ ಆಯಿತು’ ಎಂದು ಬರುತ್ತದೆ. ಗುಡುಗಿ ಕರೆಂಟ್ ಹೋಗುತ್ತದೆ, ಯುಪಿಎಸ್ ಇಲ್ಲ. ಮತ್ತೆ ಕಂಪ್ಯೂಟರ್ ಹಚ್ಚಿದಾಗ ಹಳೆಯ ಲೆಕ್ಕವೆಲ್ಲ ಇದೆ, ಕೊನೆಯ ಕೆಲವು ಸಾಲು ಮಾತ್ರ ಇಲ್ಲ. ಎಲ್ಲೂ ಎರರ್ ಬಂದಿಲ್ಲ.

ಆದದ್ದಿಷ್ಟೇ. ನೀವು ಬರೆದ ಸಾಲು ಮೊದಲು ಪೈಥಾನಿನ ಬಫರಿಗೆ, ಅಲ್ಲಿಂದ ಕರ್ನೆಲ್ಲಿನ ಪೇಜ್ ಕ್ಯಾಶಿಗೆ ಹೋಯಿತು. ಎರಡೂ ಇರುವುದು ರ‍್ಯಾಮಿನಲ್ಲಿ. ಪೇಜ್ ಕ್ಯಾಶಿಗೆ ನಕಲಾದೊಡನೆ `write()` ಯಶಸ್ಸು ಎಂದು ಹೇಳಿಬಿಡುತ್ತದೆ. ಲಿನಕ್ಸ್‌ನ ಮೂಲ ಸೆಟ್ಟಿಂಗ್‌ನಲ್ಲಿ ಅಲ್ಲಿ ಕುಳಿತ ಪುಟ ಸುಮಾರು 30 ಸೆಕೆಂಡ್ ಹಳತಾದ ಮೇಲೆ ಡಿಸ್ಕಿಗೆ ಹೊರಡಬಹುದು. ಇದು ಕರ್ನೆಲ್ಲಿನ ಮೋಸವಲ್ಲ. 7200 ಸುತ್ತಿನ ಹಾರ್ಡ್ ಡಿಸ್ಕ್ ಒಂದು ಸುತ್ತಿಗೆ 8 ಮಿಲಿಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳುತ್ತದೆ. ಪ್ರತಿ ಬರಹಕ್ಕೂ ಕಾದು ಕುಳಿತರೆ ಕೆಲಸ ತೆವಳುತ್ತದೆ. ಆದ್ದರಿಂದ ಕಾಯಲೇಬೇಕಾದ ಕಡೆ ಕಾಯಬೇಕೆಂದು ಪ್ರೋಗ್ರಾಮಿಗೆ ನಾವೇ ಹೇಳಬೇಕು:

```python
f.flush()
os.fsync(f.fileno())
print("ಸೇವ್ ಆಯಿತು")
```

`fsync` ಮರೆತ ತಪ್ಪು ಲ್ಯಾಬಿನಲ್ಲಿ ಸಿಕ್ಕಿಬೀಳುವುದಿಲ್ಲ. ಫ್ಲಶ್ ಆದ ಮೇಲೆ `kill -9` ಕೊಟ್ಟು ಪ್ರೋಗ್ರಾಮನ್ನು ಕೊಂದರೂ ಕರ್ನೆಲ್ ಬದುಕಿರುತ್ತದೆ, ಸಾಲು ಉಳಿಯುತ್ತದೆ. ಪರೀಕ್ಷೆ ಪಾಸಾಯಿತೆಂದು ನಾವು ನಂಬುತ್ತೇವೆ. ಕರೆಂಟ್ ಹೋದರೆ ಮಾತ್ರ ನಿಜ ಹೊರಬೀಳುತ್ತದೆ.

‘ಅದನ್ನೆಲ್ಲ ಡೇಟಾಬೇಸ್ ನೋಡಿಕೊಳ್ಳುತ್ತದೆ’ ಎನ್ನಬಹುದು. ನೋಡಿಕೊಳ್ಳುತ್ತದೆ, ಆದರೆ ಅದೂ ಇದೇ `fsync` ಅನ್ನೇ ನಂಬಿದೆ. 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಬಳಗಕ್ಕೆ ಒಂದು ಆಘಾತ ಕಾದಿತ್ತು. ಡಿಸ್ಕ್ ಎರರಿನಿಂದ `fsync` ಸೋತರೆ ಲಿನಕ್ಸ್ ಆ ಪುಟಗಳನ್ನು ಬರೆದು ಮುಗಿದವೆಂದೇ ಗುರುತು ಹಾಕಬಹುದಿತ್ತು. ಎರಡನೇ ಸಲ ಕೇಳಿದರೆ ‘ಯಶಸ್ಸು’ ಎಂಬ ಉತ್ತರ, ಡಿಸ್ಕಿನಲ್ಲಿ ಮಾತ್ರ ಏನೂ ಇಲ್ಲ. ಮರುಪ್ರಯತ್ನವೇ ತಪ್ಪಾಗಿತ್ತು. 2019ರಿಂದ ಪೋಸ್ಟ್‌ಗ್ರೆಸ್ ಅಂಥ ಹೊತ್ತಲ್ಲಿ ತಾನೇ ನಿಂತು, ತನ್ನ ಲಾಗಿನಿಂದ ಲೆಕ್ಕವನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ಪಳಗಿದ ಕೈಗಳೇ ಕರ್ನೆಲ್ಲಿನ ಮಾತನ್ನು ತಪ್ಪಾಗಿ ತಿಳಿದಿದ್ದವು ಎಂದ ಮೇಲೆ, ಆ ಮಾತೇನೆಂದು ಕೇಳದೆಯೇ ಇರುವುದು ನಮಗೆ ಸಲ್ಲದು. ‘ಸೇವ್ ಆಯಿತು’ ಎಂದು ಮೀನು ಮಾರುವ ಅಕ್ಕನಿಗೆ ಹೇಳುವವರು ನಾವು. ಅದಕ್ಕೆ ಹೊಣೆಯೂ ನಮ್ಮದೇ.

ಲಿನಕ್ಸ್ ಇರುವವರು ಇವತ್ತೇ ದೊಡ್ಡದೊಂದು ಫೈಲನ್ನು ಕಾಪಿ ಮಾಡುತ್ತ `grep Dirty /proc/meminfo` ಕೊಟ್ಟು ನೋಡಿ. ಅಲ್ಲಿ ಕಾಣುವ ಕಿಲೋಬೈಟ್‌ಗಳು ಇನ್ನೂ ಡಿಸ್ಕ್ ಸೇರಿಲ್ಲ.